ಕೈ ಮುಗಿಯದ ಟಿಪ್ಪಣಿ

ಅಂತರಘಟ್ಟಮ್ಮ ಯಾರ ಅರ್ಜಿಯನ್ನೂ ಮನಸ್ಸಿನಲ್ಲೇ ಓದಿಕೊಳ್ಳುವುದಿಲ್ಲ. ಬರೆದವರನ್ನು ಎದುರಿಗೆ ಕೂರಿಸಿಕೊಂಡು, ಅವರ ಕಿವಿಗೆ ಬೀಳುವಂತೆ ಗಟ್ಟಿಯಾಗಿ ಓದುತ್ತಾರೆ. ನ್ಯಾಮತಿಯ ಹತ್ತಿರದ ಒಂದು ಗ್ರಾಮ ಪಂಚಾಯ್ತಿಯಲ್ಲಿ ಅವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಅಂದರೆ ಆ ಪಂಚಾಯ್ತಿಯ ಹಳ್ಳಿಗಳಲ್ಲಿ ಕಣ್ಣು ಕಾಣದವರು, ಕಿವಿ ಕೇಳದವರು, ಕಾಲಿಲ್ಲದವರು, ಬುದ್ಧಿ ಬೆಳೆಯದ ಮಕ್ಕಳು ಎಲ್ಲೆಲ್ಲಿದ್ದಾರೆ ಎಂದು ಮನೆಮನೆಗೆ ಹೋಗಿ ತಿಳಿದುಕೊಂಡು, ಅವರಿಗೆ ಸಿಗಬೇಕಾದ ಕಾರ್ಡು, ಪಾಸು, ಪಿಂಚಣಿ ಕೊಡಿಸಲು ಓಡಾಡುವ ಕೆಲಸ. ಅವರ ಎಡಗಾಲು ಎರಡನೇ ವರ್ಷದಲ್ಲೇ ಪೋಲಿಯೋದಿಂದ ಸೊರಗಿದೆ. ಹಿಂದೆ ಎರಡು ಚಕ್ರ ಹೆಚ್ಚುವರಿಯಾಗಿ ಕೂರಿಸಿದ ಸ್ಕೂಟರಿನಲ್ಲಿ ಅವರು ತಿರುಗುತ್ತಾರೆ. ಈಗ ವಯಸ್ಸು ನಲವತ್ತಾರು.

ಗಟ್ಟಿಯಾಗಿ ಓದುವ ಅಭ್ಯಾಸ ಅವರಿಗೆ ಹದಿನೇಳನೇ ವಯಸ್ಸಿನಲ್ಲಿ ಬಂತು. ಆಗ ನ್ಯಾಮತಿ ಇನ್ನೂ ತಾಲ್ಲೂಕು ಆಗಿರಲಿಲ್ಲ. ಏನೇ ಕೆಲಸವಿದ್ದರೂ ಹೊನ್ನಾಳಿಗೇ ಹೋಗಬೇಕಿತ್ತು. ತಾಲ್ಲೂಕು ಕಚೇರಿಯ ಎದುರಿಗೆ ಟೈಪು ಮಾಡುವವನೊಬ್ಬನ ಅಂಗಡಿ. ಅದರ ಗೋಡೆಗೆ ಮಾದರಿ ಅರ್ಜಿಗಳನ್ನು ಮೊಳೆ ಹೊಡೆದು ತೂಗುಹಾಕಿದ್ದರು. ಯಾವುದು ಬೇಕೋ ಅದನ್ನು ನೋಡಿಕೊಂಡು ಹಾಗೇ ಬರೆದು ಕೊಡಬೇಕು. ಒಂದಕ್ಷರ ಆಚೀಚೆಯಾದರೂ ಅರ್ಜಿ ವಾಪಸು ಬರುತ್ತದೆ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಅಂತರಘಟ್ಟಮ್ಮ ಅಂಗಡಿಯ ಮೆಟ್ಟಿಲಲ್ಲಿ ಕೂತು ಅಂಗವಿಕಲರ ಮಾದರಿಯನ್ನು ನಕಲು ಮಾಡಿದರು. ಪಕ್ಕದಲ್ಲಿ ನಿಂತಿದ್ದ ಅವರ ತಾಯಿ ಹನುಮಂತಮ್ಮನಿಗೆ ಓದು ಬರುತ್ತಿರಲಿಲ್ಲ. ಏನು ಬರೆದಿದ್ದೀಯ, ಓದಿ ಹೇಳು ಎಂದು ಮಗಳಿಗೆ ಹೇಳಿದರು. ಅಂತರಘಟ್ಟಮ್ಮ ಓದಿದರು. “ನಡೆಯಲಾರದವಳೂ ಕಡುಬಡವಳೂ ನೋಡಿಕೊಳ್ಳುವವರು ಯಾರೂ ಇಲ್ಲದವಳೂ ಆದ ನಾನು ತಮ್ಮ ಪಾದಕ್ಕೆರಗಿ ಬೇಡಿಕೊಳ್ಳುವುದೇನೆಂದರೆ” ಎಂಬಲ್ಲಿಗೆ ತಾಯಿ ಕೈ ಅಡ್ಡ ಹಿಡಿದರು.

“ನೋಡ್ಕಳ್ಳೋರು ಯಾರೂ ಇಲ್ಲ ಅಂತ ಬರ್ದೀಯಲ್ಲ, ನಾನೇನು ಸತ್ತೋಗೀನೇನೆ?”

ಮಾದರಿಯಲ್ಲಿ ಹಾಗೇ ಇದೆ, ಬದಲಾಯಿಸಬಾರದಂತೆ ಎಂದು ಮಗಳು ಹೇಳಿದಳು. ಅರ್ಜಿ ಒಳಗೆ ಹೋಯಿತು, ಮಂಜೂರೂ ಆಯಿತು. ಆದರೆ ಆ ದಿನ ಬಸ್ಸಿನಲ್ಲಿ ಊರಿಗೆ ಬರುವಾಗ ತಾಯಿ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತ ಕೂತಿದ್ದರಂತೆ. ಅಂತರಘಟ್ಟಮ್ಮ ಇದನ್ನು ನನಗೆ ಹೇಳಿದ್ದು ಬಹಳ ವರ್ಷಗಳ ನಂತರ, ಕೆಳಗೆ ಹೇಳಲಿರುವ ಜಗಳ ನಡೆದಾಗ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕಿನ ಅಂಗವಿಕಲರು ಮತ್ತು ಅವರನ್ನು ನೋಡಿಕೊಳ್ಳುವವರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ನನ್ನ ತಮ್ಮನಿಗೆ ಕಿವಿ ಕೇಳುವುದಿಲ್ಲವಾದ್ದರಿಂದ ನಾನೂ ಅದರಲ್ಲಿದ್ದೇನೆ. ಆರುನೂರಕ್ಕೂ ಹೆಚ್ಚು ಜನ. ಅಡ್ಮಿನ್ ಅಂತರಘಟ್ಟಮ್ಮ. ಹೋದ ಜೂನ್ ತಿಂಗಳಲ್ಲಿ ದಾವಣಗೆರೆಯ ಒಂದು ಸಂಸ್ಥೆ ನಮ್ಮ ಗುಂಪಿಗೆಂದು ಒಂದು ಸಹಾಯದ ಬಾಟ್ ಮಾಡಿಕೊಟ್ಟಿತು. ಅದು ಗುಂಪಿನ ಒಳಗೆ ಇರುವುದಿಲ್ಲ. ಅದಕ್ಕೆ ಬೇರೆಯೇ ನಂಬರು. ಆ ನಂಬರಿಗೆ ಪ್ರಶ್ನೆ ಬರೆದು ಕಳಿಸಿದರೆ, ಸಂಸ್ಥೆಯವರು ಅದಕ್ಕೆ ಮೊದಲೇ ಕೊಟ್ಟಿರುವ ಮಾಹಿತಿಯಿಂದ ಯಂತ್ರವೇ ಉತ್ತರಿಸುತ್ತದೆ. ಗೊತ್ತಿಲ್ಲದಿದ್ದರೆ ಪ್ರಶ್ನೆಯನ್ನು ಮನುಷ್ಯರಿಗೆ ದಾಟಿಸುತ್ತದೆ. ಧ್ವನಿಯಲ್ಲಿ ಕಳಿಸಿದರೆ ಅದಕ್ಕೆ ಇನ್ನೂ ಅರ್ಥವಾಗುವುದಿಲ್ಲ, ಬರೆದೇ ಕಳಿಸಬೇಕು. ನಮ್ಮ ಗುಂಪಿನ ಅರ್ಧ ಜನಕ್ಕೆ ನಿಧಾನವಾಗಿ ಓದಲು ಬರುತ್ತದೆ, ಆದರೆ ಫೋನಿನಲ್ಲಿ ಕನ್ನಡ ಟೈಪು ಮಾಡಲು ಬರುವುದಿಲ್ಲ. ಹಾಗಾಗಿ ಗುಂಪಿನ ನೆತ್ತಿಯಲ್ಲಿ ಒಂದು ಸ್ವಾಗತದ ಟಿಪ್ಪಣಿ ಪಿನ್ ಮಾಡಿ, ಅದರಲ್ಲಿ ಕಾಪಿ ಮಾಡಿ ಕಳಿಸಲು ಮಾದರಿ ಮಾತು ಕೊಡುವುದೆಂದು ತೀರ್ಮಾನವಾಯಿತು.

ಮೊದಲ ಟಿಪ್ಪಣಿ ಬರೆದವರು ಸಂಸ್ಥೆಯ ಪ್ರವೀಣ್ ಕುಮಾರ್. ಎಂಜಿನಿಯರಿಂಗ್ ಓದಿದ, ಒಳ್ಳೆಯ ಮನಸ್ಸಿನ ಯುವಕ. ಟಿಪ್ಪಣಿಯ ತುಂಬ ಕೈ ಮುಗಿದ ಚಿತ್ರಗಳಿದ್ದವು. ಕೊನೆಯಲ್ಲಿ ಒಂದೇ ಒಂದು ಮಾದರಿ ಮಾತು: “ಬಡ ವಿಕಲಚೇತನನಾದ ನಾನು ತಮ್ಮಲ್ಲಿ ಕೋರುವುದೇನೆಂದರೆ, ದಯಮಾಡಿ ನನಗೆ ಸೂಕ್ತ ಸಹಾಯ ಒದಗಿಸಬೇಕಾಗಿ ವಿನಂತಿ.”

ಹದಿನೈದು ದಿನದಲ್ಲಿ ಬಾಟಿಗೆ ಬರೆದವರು ಹನ್ನೊಂದು ಜನ. ಅದರಲ್ಲಿ ಆರು ಜನರದು ಹೂವಿನ ಚಿತ್ರದ ಶುಭೋದಯ. ಮೂವರು ಟಿಪ್ಪಣಿಯನ್ನೇ ಇಡಿಯಾಗಿ ಕಳಿಸಿದ್ದರು. ಯಾಕೆಂದರೆ ಒತ್ತಿ ಹಿಡಿದು ಕಾಪಿ ಮಾಡಿದರೆ ನಮ್ಮ ಫೋನುಗಳಲ್ಲಿ ಪೂರ್ತಿ ಸಂದೇಶವೇ ಬರುತ್ತದೆ, ಬೇಕಾದ ಸಾಲು ಮಾತ್ರ ಬರುವುದಿಲ್ಲ. ಇನ್ನಿಬ್ಬರು ಕಷ್ಟಪಟ್ಟು ಮಾದರಿ ಮಾತನ್ನು ಮಾತ್ರ ಟೈಪು ಮಾಡಿ ಕಳಿಸಿದ್ದರು. ಬಾಟ್ ಅವರಿಗೆ “ನಿಮಗೆ ಯಾವ ಸಹಾಯ ಬೇಕು?” ಎಂದು ಕೇಳಿತು. ಅವರು ಮತ್ತೆ ಅದೇ ಮಾತು ಕಳಿಸಿದರು. ಅದು ಮತ್ತೆ ಕೇಳಿತು. ಆ ಮಾದರಿಯಲ್ಲಿ ಬೇಡುವುದು ಇತ್ತೇ ಹೊರತು ಪ್ರಶ್ನೆ ಇರಲಿಲ್ಲ.

ಅಂತರಘಟ್ಟಮ್ಮ ಆ ಟಿಪ್ಪಣಿಯ ಪಿನ್ ಕಿತ್ತರು. ಯಾರನ್ನೂ ಕೇಳಲಿಲ್ಲ. ಪ್ರವೀಣ್ ಕುಮಾರ್ ಫೋನ್ ಮಾಡಿ ವಿಚಾರಿಸಿದಾಗ, ನಮ್ಮ ಜನ ಹಿಂಗೆ ಕೇಳಲ್ಲ, ಕೇಳಬಾರದು ಕೂಡ ಎಂದು ಹೇಳಿ ತಾವೇ ಬರೆಯಲು ಕೂತರು. ಮಾದರಿಯೆಂದರೆ ಕಣ್ಣಿಗೆ ಕಟ್ಟುವಂತೆ ಇರಬೇಕೆಂದು ಅವರಿಗೆ ಅನಿಸಿತು. ಜಗಳೂರು ಕಡೆಯ ಕೊಟ್ರಮ್ಮ ಅವರಿಗೆ ಪರಿಚಯ. ಕೊಟ್ರಮ್ಮನ ಮಗ ಮರುಳಸಿದ್ದಪ್ಪನಿಗೆ ಹತ್ತೊಂಬತ್ತು ವರ್ಷ, ಬುದ್ಧಿ ಮಾತ್ರ ನಾಲ್ಕು ವರ್ಷದ ಮಗುವಿನದು. ಅವನ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ ತಿಂಗಳುಗಳಾಗಿದ್ದವು. ಆ ಕಾರ್ಡಿಲ್ಲದೆ ಅವನಿಗೆ ಯಾವ ಸೌಲಭ್ಯದ ಬಾಗಿಲೂ ತೆರೆಯುವುದಿಲ್ಲ. ಕಾರ್ಡು ಬರಬೇಕಾದರೆ ದೊಡ್ಡ ಆಸ್ಪತ್ರೆಯಲ್ಲಿ ವೈದ್ಯರ ಬೋರ್ಡು ಕೂತು ಅವನನ್ನು ನೋಡಬೇಕು. ಬೋರ್ಡು ಎಲ್ಲ ದಿನವೂ ಕೂರುವುದಿಲ್ಲ. ಕೊಟ್ರಮ್ಮ ಎರಡು ಸಲ ಮಗನನ್ನು ಕರೆದುಕೊಂಡು ಹೋಗಿ, ಇವತ್ತಲ್ಲ ಎಂದು ಕೇಳಿ ವಾಪಸಾಗಿದ್ದಳು. ಮರುಳಸಿದ್ದಪ್ಪನಿಗೆ ಬಸ್ಸಿನ ನೂಕುನುಗ್ಗಲು ಆಗದು. ಯಾರಾದರೂ ಮೈಮೇಲೆ ಬಿದ್ದರೆ ಕಿವಿ ಮುಚ್ಚಿಕೊಂಡು ಚೀರುತ್ತಾನೆ, ಎರಡು ದಿನ ಊಟ ಬಿಡುತ್ತಾನೆ. ಕೊಟ್ರಮ್ಮನಿಗೆ ಬೇಕಾಗಿದ್ದದ್ದು ಒಂದೇ ಸಂಗತಿ. ಮನೆಯಿಂದ ಹೊರಡುವ ಮುಂಚೆ, ಬೋರ್ಡು ಯಾವ ದಿನ ಎಂದು ಗೊತ್ತಾಗಬೇಕು.

ಕೊಟ್ರಮ್ಮನ ಒಪ್ಪಿಗೆ ಕೇಳಿಯೇ ಅಂತರಘಟ್ಟಮ್ಮ ಎರಡನೇ ಟಿಪ್ಪಣಿ ಬರೆದರು. ಚಿಕ್ಕ ಟಿಪ್ಪಣಿ. ಅದರ ಕೆಳಗೆ ಬೇರೆ ಸಂದೇಶವಾಗಿ ಒಂದು ಮಾದರಿ: “ನಾನು ಜಗಳೂರು ತಾಲ್ಲೂಕಿನ ಕೊಟ್ರಮ್ಮ. ನನ್ನ ಮಗನ ಕಾರ್ಡಿಗೆ ಬೋರ್ಡು ಯಾವ ದಿನ ಕೂರುತ್ತದೆ?” ನಿಮ್ಮ ಹೆಸರು, ಊರು, ಪ್ರಶ್ನೆ ಹಾಕಿಕೊಂಡು ಕಳಿಸಿ ಎಂದು ಟಿಪ್ಪಣಿಯಲ್ಲಿ ಸೇರಿಸಿದ್ದರು. ಗುಂಪಿನಲ್ಲಿ ಎಲ್ಲರ ತಲೆಯ ಮೇಲೆ ತನ್ನ ಹೆಸರು ನೋಡಿ ಕೊಟ್ರಮ್ಮನಿಗೂ ಸಂತೋಷವಾಯಿತು.

ಮೂರು ವಾರದ ನಂತರ, ಆಗಸ್ಟ್ ಮೊದಲ ವಾರದಲ್ಲಿ, ಜಗಳೂರಿನ ಒಂದು ಸಮುದಾಯ ಭವನದಲ್ಲಿ ನಾಲ್ಕೂ ತಾಲ್ಲೂಕಿನವರ ಸಭೆ ನಡೆಯಿತು. ನಡಾವಳಿ ಬರೆಯುವ ಕೆಲಸ ನನ್ನದು. ಸಂಸ್ಥೆಯ ಮುಖ್ಯಸ್ಥೆ ಸಂಧ್ಯಾರಾಣಿಯವರೂ ಬಂದಿದ್ದರು. ಅವರು ಮೊದಲೇ ವಿಷಯ ಬಿಚ್ಚಿಟ್ಟರು. ಈ ತಿಂಗಳ ಕೊನೆಯೊಳಗೆ ಜನ ಸರಿಯಾಗಿ ಬಳಸಲು ಶುರು ಮಾಡದಿದ್ದರೆ ಬಾಟನ್ನು ನಿಲ್ಲಿಸುತ್ತೇವೆ, ಮೊದಲಿನಂತೆ ಕಚೇರಿಗೇ ಬಂದು ಕೇಳಲಿ ಎಂದರು. ಆಮೇಲೆ ಪ್ರವೀಣ್ ಕುಮಾರ್ ಲ್ಯಾಪ್‌ಟಾಪ್ ತಿರುಗಿಸಿ ಪಟ್ಟಿ ತೋರಿಸಿದರು. ಬಾಟಿಗೆ ಬರೆದವರು ನಲವತ್ತೊಂದು ಜನ.

“ಇದರಲ್ಲಿ ಇಪ್ಪತ್ನಾಲ್ಕು ಜನ ಕೊಟ್ರಮ್ಮ ಇದಾರೆ ಮೇಡಂ” ಎಂದರು. “ಎಲ್ಲಾರೂ ಜಗಳೂರು ತಾಲ್ಲೂಕು. ಎಲ್ಲಾರಿಗೂ ಒಬ್ಬ ಮಗ.”

ಭವನದಲ್ಲಿ ನಗು ಎದ್ದಿತು. ಚನ್ನಗಿರಿ ಬಸ್ ನಿಲ್ದಾಣದ ಬಳಿ ಪೆಟ್ಟಿಗೆ ಅಂಗಡಿ ಇಟ್ಟುಕೊಂಡಿರುವ ಭೀಮೇಶ್ ಹುಟ್ಟಿನಿಂದ ಕಣ್ಣು ಕಾಣದವರು, ನಾಲಿಗೆ ಮಾತ್ರ ಬಲು ಚುರುಕು. ಇಷ್ಟು ಕೊಟ್ರಮ್ಮಂದಿರಿದ್ದರೆ ಜಗಳೂರಿಗೆ ಇನ್ನೊಂದು ಬಸ್ಸು ಬಿಡಬೇಕಾಗ್ತದೆ ಎಂದರು. ಪ್ರವೀಣ್ ಕುಮಾರ್ ಮುಂದುವರಿಸಿದರು. ಪಟ್ಟಿಯ ಮೊದಲ ಕೆಲವು ನಂಬರುಗಳಿಗೆ ಅವರ ಕಚೇರಿಯಿಂದ ಫೋನ್ ಮಾಡಿದ್ದರಂತೆ. ಒಂದು ನಂಬರು ತ್ಯಾವಣಿಗೆಯದು. ಕೊಟ್ರಮ್ಮನವರಾ ಎಂದು ಕೇಳಿದರೆ, ಅತ್ತ ಕಡೆಯಿಂದ ಗಂಡಸಿನ ದನಿ ಹೌದು ಎಂದಿತಂತೆ.

ಆ ದನಿಯ ಒಡೆಯ ಚಿಕ್ಕಹನುಮಂತಪ್ಪ ಎರಡನೇ ಸಾಲಿನಲ್ಲೇ ಕೂತಿದ್ದರು. ಎಪ್ಪತ್ತರ ಹತ್ತಿರದ ಮನುಷ್ಯ, ಬಲಗೈ ಮೊಣಕೈವರೆಗೆ ಮಾತ್ರ ಇದೆ. ಯಾಕೆ ಹಾಗೆ ಹೇಳಿದಿರಿ ಎಂದು ಸಂಧ್ಯಾರಾಣಿಯವರು ಕೇಳಿದರು.

“ಅಲ್ಲಮ್ಮ, ಮಾದರಿನಾಗೆ ಹಂಗೇ ಐತಲ್ಲ” ಎಂದರು ಚಿಕ್ಕಹನುಮಂತಪ್ಪ. “ಅಲ್ಲ ಅಂದ್ರೆ ಅರ್ಜಿ ವಜಾ ಮಾಡಿಬಿಟ್ರೆ? ನಾನೇ ಕೊಟ್ರಮ್ಮ ಅಂದೆ. ಬಸ್ ಪಾಸ್ ಬಂದಮ್ಯಾಲೆ ಹೆಸರು ಸರಿ ಮಾಡಿಸ್ಕಂಡ್ರಾತು ಅಂತ.”

ಮತ್ತೆ ಎಲ್ಲರೂ ನಕ್ಕರು. ಅಂತರಘಟ್ಟಮ್ಮ ಮಾತ್ರ ನಗಲಿಲ್ಲ. ಹೊನ್ನಾಳಿಯ ಆ ಗೋಡೆ, ಮೊಳೆ, ಒಂದಕ್ಷರ ಬದಲಾಯಿಸಬಾರದೆಂಬ ಮಾತು ಅವರಿಗೆ ಆ ಕ್ಷಣ ನೆನಪಾಯಿತಂತೆ. ವರ್ಷಗಟ್ಟಲೆ ಮಾದರಿಯಂತೆಯೇ ಬರೆಯಬೇಕೆಂದು ಕಲಿತ ಜನರ ಕೈಗೆ ಹೆಸರು ತುಂಬಿದ ಮಾದರಿ ಕೊಟ್ಟಿದ್ದು ತಾನೇ ಎಂದು ಗೊತ್ತಾಯಿತು.

ನಗು ನಿಂತ ಮೇಲೆ ಹಿಂದಿನ ಸಾಲಿನಿಂದ ಕೊಟ್ರಮ್ಮ ಎದ್ದು ನಿಂತಳು. ಅವಳ ಊರು ಜಗಳೂರಿನಿಂದ ಹನ್ನೆರಡು ಕಿಲೋಮೀಟರು. ಪಕ್ಕದ ಮನೆಯ ದೊಡ್ಡಕ್ಕನ ಹತ್ತಿರ ಮಗನನ್ನು ಬಿಟ್ಟು ಬಂದಿದ್ದಳು. ತಾನೂ ಅದೇ ಮಾತು ಕಾಪಿ ಮಾಡಿ ಕಳಿಸಿದ್ದೆ ಎಂದಳು. ಹೆಸರು ತನ್ನದೇ ಇದ್ದದ್ದರಿಂದ ಬದಲಾಯಿಸುವುದೇನೂ ಇರಲಿಲ್ಲ. ಬೋರ್ಡಿನ ದಿನ ಬಾಟಿಗೆ ಗೊತ್ತಿಲ್ಲದ್ದರಿಂದ ಅವಳ ಪ್ರಶ್ನೆ ಕಚೇರಿಗೆ ದಾಟಿತ್ತು, ಅಲ್ಲಿಂದ ಯಾರೂ ಉತ್ತರ ಕೊಟ್ಟಿರಲಿಲ್ಲ. ಪ್ರವೀಣ್ ಕುಮಾರ್ ಪಟ್ಟಿಯನ್ನು ಮೇಲೆ ಕೆಳಗೆ ಮಾಡಿ ನೋಡಿದರು. ಒಂದೇ ಮಾತು ಮತ್ತೆ ಮತ್ತೆ ಬರುತ್ತಿದ್ದರಿಂದ, ಜನ ಪರೀಕ್ಷೆಗೆಂದು ಕಳಿಸುತ್ತಿದ್ದಾರೆ ಎಂದುಕೊಂಡು ಹತ್ತನೆಯದರ ನಂತರದ ಕೊಟ್ರಮ್ಮಂದಿರನ್ನು ಅವರ ಕಚೇರಿಯವರು ಬದಿಗಿಟ್ಟಿದ್ದರು. ನಿಜವಾದ ಕೊಟ್ರಮ್ಮ ಹದಿನೇಳನೆಯವಳು.

“ಉತ್ರ ಬರ್ಲಿಲ್ಲ ಅಂತ ಮೂರನೇ ಸಲ ಹೋದೆ” ಎಂದಳು ಕೊಟ್ರಮ್ಮ. “ಅವತ್ತೂ ಬೋರ್ಡು ಇರ್ಲಿಲ್ಲ. ಬರ್ತಾ ಬಸ್ಸಿನಾಗೆ ಮಗ ಚೀರಿ ಚೀರಿ, ಕಂಡಕ್ಟರು ಅರ್ಧ ದಾರಿಯಾಗೆ ಇಳಿಸಿಬಿಟ್ಟ. ಈಗ ಬಸ್ಸು ಕಂಡ್ರೆ ಮನಿ ಒಳಗೆ ಓಡ್ತಾನೆ. ಇನ್ನೊಂದ್ಸಲ ಮಾತ್ರ ಹೆಂಗಾದ್ರೂ ಹತ್ತಿಸ್ತೀನಿ ನಾನು. ಅದೂ ಸುಳ್ಳಾದ್ರೆ ಅವನು ಮತ್ತೆ ಹತ್ತಾಕಿಲ್ಲ.”

ಅಂತರಘಟ್ಟಮ್ಮ ಊರುಗೋಲು ಹಿಡಿದು ಎದ್ದು, ತಪ್ಪು ನನ್ನದು, ಟಿಪ್ಪಣಿ ಬರೆದವಳು ನಾನು ಎಂದು ಎಲ್ಲರೆದುರಿಗೆ ಹೇಳಿದರು.

ಪ್ರವೀಣ್ ಕುಮಾರ್ ಅದಕ್ಕೇ ಕಾದಿದ್ದವರಂತೆ ತಮ್ಮ ಸಲಹೆ ಇಟ್ಟರು. ಜನರಿಗೆ ಸ್ವಂತವಾಗಿ ಬರೆಯುವುದು ಆಗುವುದಿಲ್ಲ ಎಂಬುದು ಗೊತ್ತಾಯಿತು. ಬರೆಯುವ ಅವಕಾಶವನ್ನೇ ಮುಚ್ಚಿ, ಒಂದು ಒತ್ತಿ, ಎರಡು ಒತ್ತಿ ಎನ್ನುವಂತೆ ಮಾಡೋಣ. ಮೊದಲಿನ ಸ್ವಾಗತದ ಟಿಪ್ಪಣಿಯನ್ನು ಸ್ವಲ್ಪ ತಿದ್ದಿ ಹಾಕೋಣ, ಮರ್ಯಾದೆಯ ಭಾಷೆಯಾದರೂ ಇರುತ್ತದೆ. ಗುಂಪಿನ ಅಡ್ಮಿನ್ ಕೆಲಸವನ್ನೂ ಕಚೇರಿಯೇ ನೋಡಿಕೊಳ್ಳಲಿ. ಇಷ್ಟು ಅವರ ಸಲಹೆ. ಸಂಧ್ಯಾರಾಣಿಯವರು ತಲೆಯಾಡಿಸಿದರು.

ಅಂತರಘಟ್ಟಮ್ಮ ಕೂರಲಿಲ್ಲ.

“ತಪ್ಪು ನಂದು ಅಂದೆ. ಜನರದ್ದು ಅನ್ನಲಿಲ್ಲ” ಎಂದರು. “ಇವರಿಗೆ ಆಗಲ್ಲ ಅಂತ ಬರ್ಕೋಬ್ಯಾಡ್ರಿ. ಇವರಿಗೆ ಹಂಗೇ ಕಲಿಸ್ಯಾರೆ. ಅಡ್ಮಿನ್ ನಾನು ಬಿಡಲ್ಲ, ಆ ಟಿಪ್ಪಣಿನೂ ಹಾಕಾಕೆ ಬಿಡಲ್ಲ.”

ಸಂಧ್ಯಾರಾಣಿಯವರು ಸಮಾಧಾನದಿಂದಲೇ, ಆ ಟಿಪ್ಪಣಿಯಲ್ಲಿ ತಪ್ಪೇನಿದೆ, ವಿನಯ ಇದ್ದರೆ ಯಾರಿಗೆ ನಷ್ಟ ಎಂದು ಕೇಳಿದರು. ಅಂತರಘಟ್ಟಮ್ಮ ಭೀಮೇಶರಿಗೆ ಹಳೆಯ ಟಿಪ್ಪಣಿಯನ್ನು ಅವರ ಫೋನಿನಲ್ಲಿ ಓದಿಸಲು ಹೇಳಿದರು. ಕಣ್ಣು ಕಾಣದವರ ಫೋನು ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದುತ್ತದೆ, ಚಿತ್ರವಿದ್ದರೆ ಅದರ ಹೆಸರನ್ನೂ ಹೇಳುತ್ತದೆ. ಭೀಮೇಶ್ ದನಿ ಏರಿಸಿ ಫೋನನ್ನು ಮೇಜಿನ ಮೇಲಿಟ್ಟರು. ಮಾನ್ಯರೇ, ಮುಗಿದ ಕೈಗಳು, ಮುಗಿದ ಕೈಗಳು, ಮುಗಿದ ಕೈಗಳು ಎಂದು ಅದು ಶುರು ಮಾಡಿತು. ಮೂರು ಸಾಲಿಗೊಮ್ಮೆ ಮುಗಿದ ಕೈಗಳು. ಬಡ ವಿಕಲಚೇತನನಾದ ನಾನು. ದಯಮಾಡಿ. ವಿನಂತಿ. ಮುಗಿದ ಕೈಗಳು.

“ಹದಿಮೂರು ಸಲ” ಎಂದರು ಭೀಮೇಶ್. “ನಾನು ಎಣಿಸೀನಿ. ಚಿಕ್ಕಹನುಮಂತಣ್ಣಗೆ ಇರೋದು ಒಂದೇ ಕೈ, ಪಾಪ ಅವನೆಂಗೆ ಮುಗಿಬೇಕು ಇಷ್ಟು?”

ಚಿಕ್ಕಹನುಮಂತಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕರು. ಪ್ರವೀಣ್ ಕುಮಾರ್ ತಲೆ ತಗ್ಗಿಸಿದರು. ಅದನ್ನು ಯಾರಾದರೂ ಹೀಗೆ ಕೇಳುತ್ತಾರೆಂದು ನನಗೆ ಹೊಳೆದಿರಲಿಲ್ಲ ಎಂದು ಒಪ್ಪಿಕೊಂಡರು. ಆಗ ಅಂತರಘಟ್ಟಮ್ಮ ಹೊನ್ನಾಳಿಯ ಟೈಪಿನ ಅಂಗಡಿ, ತಾಯಿ ಕೇಳಿದ ಮಾತು, ಎಲ್ಲವನ್ನೂ ಹೇಳಿದರು.

“ಹೆತ್ತವಳ ಮುಂದೆ ಓದಾಕೆ ಆಗದ ಮಾತನ್ನ ನಾನು ಇನ್ನೊಬ್ಬರ ಕೈಯಾಗೆ ಕೊಡಲ್ಲ ಮೇಡಂ. ಕಾರ್ಡು ಇವರ ಹಕ್ಕು. ಯಾವತ್ತು ಬರಬೇಕು ಅಂತ ಕೇಳಾಕೆ ಬಡವ ಅಂತ ಯಾಕೆ ಹೇಳ್ಕಬೇಕು? ಒಂದು ತಾಸು ಕೊಡ್ರಿ. ಆಮ್ಯಾಲೂ ಸರಿ ಅನ್ನಿಸದಿದ್ರೆ ಮುಚ್ಚಿಕೊಂಡು ಹೋಗ್ರಿ.”

ಸಂಧ್ಯಾರಾಣಿಯವರಿಗೆ ಆ ಕೊನೆಯ ಮಾತು ಹಿಡಿಸಲಿಲ್ಲ ಎಂದು ಮುಖದಲ್ಲೇ ಕಾಣುತ್ತಿತ್ತು. ಆದರೂ ಗಡಿಯಾರ ನೋಡಿಕೊಂಡು ಆಗಲಿ ಎಂದರು.

ಆ ಒಂದು ತಾಸಿನಲ್ಲಿ ನಡೆದದ್ದು ಹೀಗೆ. ಅಂತರಘಟ್ಟಮ್ಮ ಬಂದಿದ್ದ ಮೂವತ್ತು ಮೂವತ್ತೈದು ಜನರಿಗೆ, ಮನೆ ಬಾಗಿಲಿಗೆ ನಾನು ಬಂದಾಗ ಮೊದಲು ಏನು ಕೇಳುತ್ತೀರಿ, ಅದನ್ನೇ ಈಗ ಕೇಳಿ ಎಂದರು. ಒಬ್ಬೊಬ್ಬರೂ ಕೇಳಿದ್ದನ್ನು ನಾನು ಬರೆದುಕೊಂಡೆ. ನಂತರ ಅವರು ಒಂದೊಂದನ್ನೂ ಗಟ್ಟಿಯಾಗಿ ಓದಿ, ಎರಡು ಪರೀಕ್ಷೆ ಮಾಡಿದರು. ಮೊದಲನೆಯದು, ಇದನ್ನು ಒಂದಕ್ಷರವೂ ಬದಲಾಯಿಸದೆ ಚಿಕ್ಕಹನುಮಂತಪ್ಪ ಕಳಿಸಿದರೂ ಕೊಟ್ರಮ್ಮ ಕಳಿಸಿದರೂ ನಿಜವಾಗಿರುತ್ತದೆಯೇ? ಹೆಸರು, ಊರು, ಮಗ, ಕಾಲು, ಕಣ್ಣು ಎಲ್ಲ ಅಲ್ಲೇ ಉದುರಿಹೋದವು. ಎರಡನೆಯದು, ಇದನ್ನು ಓದಿದ ಕೂಡಲೇ ಏನು ಬೇಕೆಂದು ತಿಳಿಯುತ್ತದೆಯೇ? ಸಾಸ್ವೆಹಳ್ಳಿಯಿಂದ ಬಂದಿದ್ದ ಉಚ್ಚಂಗೆಪ್ಪ ತಮ್ಮ ಕಷ್ಟವನ್ನೆಲ್ಲ ಹತ್ತು ನಿಮಿಷ ಹೇಳಿದರು. ಅದರ ಕೊನೆಯಲ್ಲಿ, ಪಿಂಚಣಿ ನಿಂತೈತೆ, ಯಾರ್ನ ಕೇಳ್ಬೇಕು ಎಂಬುದಷ್ಟೇ ಉಳಿಯಿತು.

ಪ್ರವೀಣ್ ಕುಮಾರ್ ಈಗ ಜೊತೆಗೂಡಿದ್ದರು. ಹೆಸರು ಬರೆಸುವುದು ಬೇಡವೇ ಬೇಡ, ಯಾವ ತಾಲ್ಲೂಕು ಎಂದು ಬಾಟೇ ತಿರುಗಿ ಕೇಳಿ, ನಾಲ್ಕು ಹೆಸರಿನ ಪಟ್ಟಿ ಕೊಡುವಂತೆ ಮಾಡುತ್ತೇನೆ, ಒತ್ತಿದರೆ ಸಾಕು ಎಂದರು. ಕಾಪಿ ಮಾಡುವ ಬದಲು ಒತ್ತಿದ ಕೂಡಲೇ ಪ್ರಶ್ನೆ ತಾನೇ ಮೂಡುವಂಥ ಲಿಂಕು ಕೊಡಬಹುದಲ್ಲ ಎಂದು ಒಂದನ್ನು ಮಾಡಿಯೂ ತೋರಿಸಿದರು. ಕನ್ನಡ ಅಕ್ಷರಗಳು ಲಿಂಕಿನೊಳಗೆ ಹೋದಾಗ ಅಂಕಿ, ಇಂಗ್ಲಿಷ್ ಅಕ್ಷರ, ಶೇಕಡಾ ಗುರುತುಗಳ ಐದಾರು ಸಾಲಿನ ಉದ್ದದ ಬಾಲವಾಯಿತು. ಅದನ್ನು ಕಂಡ ಕೊಟ್ರಮ್ಮ, ಬ್ಯಾಂಕಿನ ದುಡ್ಡು ಎಗರಿಸೋರು ಇಂಥದನ್ನೇ ಕಳಿಸೋದು, ನಾನಂತೂ ಒತ್ತಲ್ಲ ಎಂದಳು. ಲಿಂಕು ಅಲ್ಲಿಗೇ ಬಿಟ್ಟುಹೋಯಿತು.

ಕೊನೆಗೆ ಉಳಿದ ಐದು ಮಾದರಿಗಳಲ್ಲಿ ಐದನೆಯದರ ಬಗ್ಗೆ ಮಾತ್ರ ಮತ್ತೆ ಜಟಾಪಟಿಯಾಯಿತು. ಯಂತ್ರ ಬೇಡ, ಮನುಷ್ಯರ ಜೊತೆ ಮಾತಾಡಬೇಕು ಎಂದು ಕೇಳುವ ಮಾತನ್ನು ನಾವೇ ಕೊಟ್ಟರೆ ಎಲ್ಲರೂ ಅದನ್ನೇ ಕಳಿಸುತ್ತಾರೆ, ಬಾಟ್ ಇದ್ದೂ ದಂಡ ಎಂದು ಸಂಧ್ಯಾರಾಣಿಯವರ ವಾದ. ಕಳಿಸಲಿ, ಫೋನು ನಾನು ಮಾಡುತ್ತೇನೆ, ಆದರೆ ಹೊರಗೆ ಬರಲು ಬಾಗಿಲಿಲ್ಲದ ಮನೆಗೆ ನನ್ನ ಜನರನ್ನು ಕಳಿಸುವುದಿಲ್ಲ ಎಂದು ಅಂತರಘಟ್ಟಮ್ಮ. ಆ ಮಾದರಿ ಉಳಿಯಿತು.

ಪಿನ್ ಮಾಡುವ ಮುಂಚೆ ಅಂತರಘಟ್ಟಮ್ಮ ಗುಂಪಿನ ಸೆಟ್ಟಿಂಗ್ ಬದಲಾಯಿಸಿ, ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದಂತೆ ಸ್ವಲ್ಪ ಹೊತ್ತು ಮುಚ್ಚಿದರು. ಇಲ್ಲದಿದ್ದರೆ ಟಿಪ್ಪಣಿಗೂ ಮಾದರಿಗಳಿಗೂ ನಡುವೆ ಯಾರಾದರೂ ಹೂವಿನ ಚಿತ್ರ ಹಾಕಿಬಿಡುತ್ತಾರೆ. ಪಿನ್ ಮಾಡಿದ್ದನ್ನು ಒತ್ತಿದರೆ ಅದು ಗುಂಪಿನಲ್ಲಿ ಮೊದಲು ಬಂದ ಜಾಗಕ್ಕೆ ಕರೆದೊಯ್ಯುತ್ತದೆ. ಮಾದರಿಗಳು ಅದರ ಕೆಳಗೇ, ಒಂದೊಂದೂ ಬೇರೆ ಬೇರೆ ಸಂದೇಶವಾಗಿ, ಸಾಲಾಗಿ ಇರಬೇಕು. ಮೊದಲು ಬಾಟಿನ ನಂಬರು, ಅದರ ಕೆಳಗೆ ಹೀಗೆ ಹಾಕಿದರು:

ಎಲ್ಲರಿಗೂ ನಮಸ್ಕಾರ. ಮೇಲಿನ ನಂಬರು ನಮ್ಮ ಗುಂಪಿನ ಸಹಾಯದ ನಂಬರು. ಅಲ್ಲಿ ಉತ್ತರ ಕೊಡುವುದು ಯಂತ್ರ. ಕಾರ್ಡು, ಬಸ್ ಪಾಸು, ಪಿಂಚಣಿ, ಬೋರ್ಡು ಕೂರುವ ದಿನ, ಇವುಗಳ ಬಗ್ಗೆ ಅದಕ್ಕೆ ಗೊತ್ತು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತದೆ, ಆಗ ನಿಮ್ಮ ತಾಲ್ಲೂಕಿನ ಕಾರ್ಯಕರ್ತರು ಫೋನ್ ಮಾಡುತ್ತಾರೆ. ಆಧಾರ್ ನಂಬರು, ಓಟಿಪಿ, ಬ್ಯಾಂಕ್ ಪುಸ್ತಕದ ಫೋಟೊ ಯಾರಿಗೂ ಕಳಿಸಬೇಡಿ. ಅದು ಇವನ್ನು ಕೇಳುವುದೂ ಇಲ್ಲ. ನೀವು ಬರೆದದ್ದನ್ನು ಸಂಸ್ಥೆಯ ಇಬ್ಬರು ಓದುತ್ತಾರೆ. ಕೆಳಗೆ ಐದು ಮಾತುಗಳಿವೆ. ಬೇಕಾದ್ದನ್ನು ಒತ್ತಿ ಹಿಡಿದು, ಕಾಪಿ ಮಾಡಿ, ಆ ನಂಬರಿಗೆ ಕಳಿಸಿ. ಬದಲಾಯಿಸಿದರೂ ನಡೆಯುತ್ತದೆ, ಬದಲಾಯಿಸದಿದ್ದರೂ ನಡೆಯುತ್ತದೆ. ಕೈ ಮುಗಿಯಬೇಕಾಗಿಲ್ಲ.

ಬೋರ್ಡು ಮುಂದೆ ಯಾವ ದಿನ ಕೂರುತ್ತೆ?

ಕಾರ್ಡಿಗೆ ಅರ್ಜಿ ಹಾಕಿ ಆಗಿದೆ. ಈಗ ಎಲ್ಲಿಗೆ ಬಂದಿದೆ ಅಂತ ನೋಡೋದು ಹೇಗೆ?

ಬಸ್ ಪಾಸಿಗೆ ಏನೇನು ತರಬೇಕು?

ಪಿಂಚಣಿ ನಿಂತಿದೆ. ಯಾರನ್ನು ಕೇಳಬೇಕು?

ಯಂತ್ರ ಬೇಡ. ಮನುಷ್ಯರ ಜೊತೆ ಮಾತಾಡಬೇಕು.

ಮೂವತ್ತು ದಿನಕ್ಕೆ ಪಿನ್ ಮಾಡಿದರು. ಅದಕ್ಕಿಂತ ಹೆಚ್ಚು ದಿನ ವಾಟ್ಸಾಪಿನಲ್ಲಿ ಆಗುವುದಿಲ್ಲ. ಭೀಮೇಶರ ಫೋನು ಅದನ್ನು ಗಟ್ಟಿಯಾಗಿ ಓದಿತು. ಒಮ್ಮೆಯೂ ಕೈ ಮುಗಿಯಲಿಲ್ಲ.

ಮೊದಲ ಪ್ರಶ್ನೆ ಕಳಿಸಿದ್ದು ಕೊಟ್ರಮ್ಮ, ಅಲ್ಲೇ ಎಲ್ಲರೆದುರಿಗೆ. ನಾಲ್ಕು ತಾಲ್ಲೂಕಿನ ಪಟ್ಟಿಯನ್ನು ಬಾಟಿಗೆ ಇನ್ನೂ ಜೋಡಿಸಿರಲಿಲ್ಲ, ಹಾಗಾಗಿ ಅದು ಯಾವ ತಾಲ್ಲೂಕು ಎಂದು ಕೇಳದೆ ನೇರವಾಗಿ ಉತ್ತರ ಕೊಟ್ಟಿತು. ಬೋರ್ಡಿನ ಮುಂದಿನ ದಿನ ನನಗೆ ಇನ್ನೂ ತಿಳಿದಿಲ್ಲ, ನಿಮ್ಮ ಪ್ರಶ್ನೆಯನ್ನು ಕಾರ್ಯಕರ್ತರಿಗೆ ಕಳಿಸಿದ್ದೇನೆ, ದಿನ ಖಚಿತವಾಗುವವರೆಗೆ ಹೊರಡಬೇಡಿ ಎಂದಿತು. ಇದೇನು ಉತ್ತರ ಎಂಬಂತೆ ಸಂಧ್ಯಾರಾಣಿಯವರು ನೋಡಿದರು. ಕೊಟ್ರಮ್ಮ ಫೋನನ್ನು ಎರಡು ಸಲ ಓದಿಕೊಂಡಳು.

“ಹೊರಡಬ್ಯಾಡ ಅಂತ ಇಷ್ಟು ದಿನ ಯಾರೂ ಹೇಳಿರ್ಲಿಲ್ಲ ನಂಗೆ” ಎಂದಳು. “ಹೋದಮ್ಯಾಲೆ ಹೇಳೋರು.”

ದಿನ ಗೊತ್ತಾಗಲು ಒಂಬತ್ತು ದಿನ ಹಿಡಿಯಿತು. ಕೇಳಿದವರಿಗೆ ಇಪ್ಪತ್ನಾಲ್ಕು ಗಂಟೆ ಕಳೆದ ಮೇಲೆ ಬಾಟಿಗೆ ತಾನಾಗಿ ಏನನ್ನೂ ಬರೆದು ಕಳಿಸಲಾಗುವುದಿಲ್ಲ, ಅದಕ್ಕೆ ವಾಟ್ಸಾಪಿನವರಿಂದ ಮುಂಚೆಯೇ ಒಪ್ಪಿಗೆ ಪಡೆದ ಮಾತುಗಳು ಬೇಕು. ಅಂಥ ಮಾತುಗಳು ಸಂಸ್ಥೆಯ ಬಳಿ ಇರಲಿಲ್ಲ. ಅಂತರಘಟ್ಟಮ್ಮ ದಿನಾ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದರು. ಬುಧವಾರ ಎಂದು ತಿಳಿದ ಕೂಡಲೇ ಮೊದಲು ಪ್ರವೀಣ್ ಕುಮಾರರಿಗೆ ಹೇಳಿ ಬಾಟಿನಲ್ಲಿ ಹಾಕಿಸಿದರು, ನಂತರ ಕೊಟ್ರಮ್ಮನಿಗೆ ಫೋನ್ ಮಾಡಿದರು. ಕೊಟ್ರಮ್ಮ ನಂಬದೆ ಬಾಟಿಗೂ ಒಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ಅದೂ ಬುಧವಾರವೇ ಎಂದು, ತರಬೇಕಾದ ಕಾಗದಗಳ ಪಟ್ಟಿಯನ್ನೂ ಕೊಟ್ಟಿತು.

ಬುಧವಾರ ಬೆಳಗಿನ ಮೊದಲ ಬಸ್ಸು ಖಾಲಿ ಇರುತ್ತದೆ. ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಗಾಜಿನ ಮೇಲೆ ಆಡುವ ವೈಪರಿನ ಕಡ್ಡಿ ತೋರಿಸಿಕೊಂಡು ಕೊಟ್ರಮ್ಮ ಮಗನನ್ನು ಕರೆದೊಯ್ದಳು. ಅಂತರಘಟ್ಟಮ್ಮನೂ ಆಸ್ಪತ್ರೆಗೆ ಹೋಗಿದ್ದರು, ಆದರೆ ಅವರು ತಲುಪುವ ಹೊತ್ತಿಗೆ ಕೊಟ್ರಮ್ಮ ಬಾಗಿಲಲ್ಲಿ ನಿಂತಿದ್ದ ಒಬ್ಬನ ಜೊತೆ ಮಾತಿಗಿಳಿದಿದ್ದಳು. ಒಂದು ಮನವಿ ಬರೆದುಕೊಂಡು ಬಾ, ಸಾಹೇಬರಿಗೆ ಕೊಡುತ್ತೇನೆ ಎಂದು ಅವನು ಹೇಳಿದ್ದ. ಕಾಗದದ ಪಟ್ಟಿಯಲ್ಲಿ ಮನವಿ ಎಂಬುದು ಇರಲಿಲ್ಲ.

“ಮನವಿ ಬರಿಯಲ್ಲಣ್ಣ” ಎನ್ನುತ್ತಿದ್ದಳು ಕೊಟ್ರಮ್ಮ. “ಬೋರ್ಡು ಇವತ್ತು ಕೂರ್ತೈತೆ. ಏನು ತರಬೇಕೋ ತಂದೀನಿ. ಟೋಕನ್ನು ಎಲ್ಲಿ ಕೊಡ್ತಾರೆ?”

ಅವನು ಒಮ್ಮೆ ಅವಳನ್ನೂ ಒಮ್ಮೆ ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದ್ದ ಅವಳ ಮಗನನ್ನೂ ನೋಡಿ, ಎಡಗಡೆಯ ಕಿಟಕಿ ತೋರಿಸಿದ. ಹನ್ನೊಂದೂವರೆಗೆ ವೈದ್ಯರು ಮರುಳಸಿದ್ದಪ್ಪನನ್ನು ನೋಡಿದರು.

ತಿಂಗಳ ಕೊನೆಗೆ ಬಾಟಿಗೆ ಬರೆದವರು ನೂರ ಎಂಬತ್ತಕ್ಕೂ ಹೆಚ್ಚು. ಅರ್ಧಕ್ಕಿಂತ ಹೆಚ್ಚು ಜನ ಮಾದರಿಯನ್ನು ಒಂದಕ್ಷರ ಬದಲಾಯಿಸದೆ ಕಳಿಸಿದ್ದರು. ಅದರಿಂದ ಯಾರ ಕೆಲಸವೂ ಕೆಡಲಿಲ್ಲ. ಬಾಟ್ ಮುಚ್ಚಲಿಲ್ಲ. ಮೂವತ್ತನೇ ದಿನ ಪಿನ್ ತಾನೇ ಬಿದ್ದುಹೋದಾಗ ಅಂತರಘಟ್ಟಮ್ಮ ಅದನ್ನು ಹೊಸದಾಗಿ ಹಾಕಿದರು, ಏಕೆಂದರೆ ನಡುವೆ ಗುಂಪಿಗೆ ಸೇರಿದವರಿಗೆ ಹಳೆಯ ಸಂದೇಶ ಕಾಣುವುದಿಲ್ಲ. ಆಗ ಪ್ರವೀಣ್ ಕುಮಾರ್ ಫೋನ್ ಮಾಡಿ, ಮೇಲಿನವರು ಕೇಳುತ್ತಿದ್ದಾರೆ, ಪ್ರಶ್ನೆಗಳ ಕೊನೆಯಲ್ಲಿ ಒಂದು ‘ದಯವಿಟ್ಟು’ ಸೇರಿಸಲು ಸಾಧ್ಯವೇ ಎಂದು ಅಂಜುತ್ತಲೇ ಕೇಳಿದರಂತೆ. ಮೇಲಿನವರು ಉತ್ತರದಲ್ಲಿ ಸೇರಿಸಿಕೊಳ್ಳಲಿ, ಪ್ರಶ್ನೆಯಲ್ಲಿ ಬೇಡ ಎಂದು ಇವರು ಹೇಳಿದರು.

ಸೇರಿಸಿದ್ದು ಬೇರೆ ಒಂದು ಮಾತು. ಆರನೇ ಮಾದರಿ: “ಏನು ತರಬೇಕೋ ತಂದಿದ್ದೇನೆ. ಟೋಕನ್ ಎಲ್ಲಿ ಕೊಡುತ್ತಾರೆ?” ಅದನ್ನು ಗುಂಪಿನಲ್ಲಿ ನೋಡಿದ ಕೊಟ್ರಮ್ಮ ತಕ್ಷಣ ಫೋನ್ ಮಾಡಿದಳು. ನಾನು ಅಂತರಘಟ್ಟಮ್ಮನ ಮನೆಯ ಜಗಲಿಯಲ್ಲೇ ಇದ್ದೆ.

“ಅಕ್ಕಾ, ಅದು ನಾನಾಡಿದ ಮಾತಲ್ಲೇನು? ನನ್ನ ಹೆಸರು ಯಾಕೆ ಹಾಕ್ಲಿಲ್ಲ?”

“ಹಾಕ್ತಿದ್ದೆ ಕಣೆ” ಎಂದರು ಅಂತರಘಟ್ಟಮ್ಮ. “ಹಾಕಿದ್ರೆ ನಾಳೆ ಬೆಳಗಾಗೋದ್ರೊಳಗೆ ಚಿಕ್ಕಹನುಮಂತಣ್ಣ ಮತ್ತೆ ಕೊಟ್ರಮ್ಮ ಆಗಿರ್ತಾನೆ.”